ಹುಟ್ಟುಹಬ್ಬದ ಹಾಡಿಗೆ ಒಡೆಯರಾರು?

ಮಗುವಿನ ಹುಟ್ಟುಹಬ್ಬದ ದಿನ ದೀಪ ಹಚ್ಚಿ, ನೆಂಟರೆಲ್ಲ ಸೇರಿ ‘ಹ್ಯಾಪಿ ಬರ್ತ್‌ಡೇ ಟು ಯೂ’ ಎಂದು ಹಾಡುವುದನ್ನು ತಾವು ಕೇಳಿಯೇ ಇರುತ್ತೀರಿ. ಪ್ರಾಯಶಃ ಹಾಡಿಯೂ ಇರುತ್ತೀರಿ. ಈ ನಾಲ್ಕು ಸಾಲಿನ ಹಾಡನ್ನು ಅಮೆರಿಕದ ಚಲನಚಿತ್ರದಲ್ಲಿ ಸೇರಿಸಬೇಕಾದರೆ 2015ರ ವರೆಗೂ ಒಂದು ಸಂಸ್ಥೆಗೆ ಹಣ ತೆರಬೇಕಾಗಿತ್ತೆಂದರೆ ತಮಗೆ ಸೋಜಿಗವಾದೀತು.

ಹಾಡಿನ ಮಟ್ಟು ಹುಟ್ಟಿದ್ದು ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿ. ಪ್ಯಾಟಿ ಹಿಲ್ ಎಂಬಾಕೆ ಅಲ್ಲಿ ಶಿಶುವಿಹಾರದ ಉಪಾಧ್ಯಾಯಿನಿ. ಅಕ್ಕ ಮಿಲ್ಡ್ರೆಡ್ ಸಂಗೀತ ಬಲ್ಲವಳು. ಮಕ್ಕಳು ಬೆಳಿಗ್ಗೆ ಹಾಡಲೆಂದು ಇಬ್ಬರೂ ಕೂಡಿ ರಚಿಸಿದ ‘ಗುಡ್ ಮಾರ್ನಿಂಗ್ ಟು ಆಲ್’ 1893ರಲ್ಲಿ ಪುಸ್ತಕದಲ್ಲಿ ಅಚ್ಚಾಯಿತು. ಅದೇ ಮಟ್ಟಿಗೆ ಹುಟ್ಟುಹಬ್ಬದ ಮಾತುಗಳು ಬಂದು ಕೂಡಿಕೊಂಡವು. ಊರಿಂದೂರಿಗೆ ಬಾಯಿಂದ ಬಾಯಿಗೆ ಹರಡಿದವು. ಅಂದಿನ ಕಾಯಿದೆಯಂತೆ, ಅವಧಿಯನ್ನು ನವೀಕರಿಸಿದರೂ ಮಟ್ಟಿನ ಹಕ್ಕು 1949ಕ್ಕೆ ಮುಗಿಯತಕ್ಕದ್ದು. ಆದರೆ ಸಮ್ಮಿ ಎಂಬ ಪ್ರಕಾಶನ ಸಂಸ್ಥೆ 1935ರಲ್ಲಿ ಹುಟ್ಟುಹಬ್ಬದ ಹಾಡಿನ ಹೆಸರಿನಲ್ಲಿ ಹೊಸ ನೋಂದಣಿಗಳನ್ನು ಮಾಡಿಸಿತು. ಕೈಯಿಂದ ಕೈಗೆ ಸಾಗಿದ ಆ ಹಕ್ಕು 1988ರಲ್ಲಿ ವಾರ್ನರ್ ಸಂಸ್ಥೆಯ ಪಾಲಾಯಿತು. ನಾಟಕದವರು, ಚಿತ್ರದವರು ಎಲ್ಲರೂ ಶುಲ್ಕ ಕೊಟ್ಟರು. ಹಲವು ಭೋಜನಗೃಹಗಳವರು ಗ್ರಾಹಕರ ಹುಟ್ಟುಹಬ್ಬಕ್ಕೆ ಬೇರೆಯೇ ಹಾಡು ಕಟ್ಟಿಕೊಂಡರು. ನೋಂದಣಿಯಲ್ಲಿ ನಿಜವಾಗಿ ಏನಿದೆಯೆಂದು ಕಾಗದ ಬಿಡಿಸಿ ನೋಡಿದವರು ವಿರಳ.

ಈ ಹಾಡಿನ ಚರಿತ್ರೆಯನ್ನೇ ಸಾಕ್ಷ್ಯಚಿತ್ರವಾಗಿ ತೆಗೆಯಹೊರಟ ಜೆನಿಫರ್ ನೆಲ್ಸನ್ ಎಂಬಾಕೆಯೂ 1,500 ಡಾಲರು ಕಟ್ಟಿದರು. ಕಟ್ಟಿ, 2013ರಲ್ಲಿ ದಾವೆ ಹೂಡಿದರು. ವಿಚಾರಣೆಯ ಕಾಲದಲ್ಲಿ ಪ್ರತಿವಾದಿಗಳು ಒಪ್ಪಿಸಿದ ಕಾಗದಗಳ ನಡುವೆ ಹಳೆಯ ಹಾಡಿನ ಪುಸ್ತಕದ ಒಂದು ಪುಟವಿತ್ತು. ಹಾಡಿನ ಕೆಳಗಿನ ಒಂದು ಸಾಲು ಮಾತ್ರ ಮಸುಕಾಗಿತ್ತು. ವಕೀಲರು ಹಳೆಯ ಮುದ್ರಣಗಳನ್ನು ಅರಸಿದರು. ಆ ಸಾಲು, ಸಮ್ಮಿ ಸಂಸ್ಥೆಯ ಅನುಮತಿಯಿಂದ ಅಚ್ಚಾದದ್ದೆಂದು ಹೇಳುತ್ತಿತ್ತು. 1922ರ ಮುದ್ರಣದಲ್ಲಿಯೂ ಹಾಡು ಇತ್ತು. ಹಕ್ಕನ್ನು ಕಾದಿರಿಸಿದೆಯೆಂಬ ಸೂಚನೆ ಇರಲಿಲ್ಲ. ಅಂದಿನ ಅಮೆರಿಕದ ಕಾಯಿದೆಯಲ್ಲಿ ಆ ಸೂಚನೆಯಿಲ್ಲದೆ ಪ್ರಕಟಿಸಿದರೆ ಹಕ್ಕೇ ಹೋಗುವ ಸಂಭವವಿತ್ತು.

2015ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಜಾರ್ಜ್ ಕಿಂಗ್ ಕೊಟ್ಟ ತೀರ್ಪು ಮಾತ್ರ ಇನ್ನೂ ಸೂಕ್ಷ್ಮವಾದುದು. ಹಾಡು ಎಲ್ಲರದೆಂದು ಅವರು ಹೇಳಲಿಲ್ಲ. 1935ರ ನೋಂದಣಿ ಪಿಯಾನೋಗೆ ಅಳವಡಿಸಿದ ರೂಪಗಳಿಗೆ ಮಾತ್ರ ಸೇರಿದ್ದು. ಹಾಡಿನ ಮಾತುಗಳ ಹಕ್ಕು ಸಮ್ಮಿ ಸಂಸ್ಥೆಗೆ ಬಂದೇ ಇರಲಿಲ್ಲ. ಬಾರದ್ದನ್ನು ಅದು ಮುಂದಿನವರಿಗೆ ಕೊಡುವುದಾದರೂ ಹೇಗೆ, ಎಂದರು. ಹಾಡು ಸಾರ್ವಜನಿಕರದೆಂದು ತೀರ್ಮಾನವಾದದ್ದು 2016ರ ರಾಜಿಯಲ್ಲಿ. ಶುಲ್ಕ ಕಟ್ಟಿದ್ದವರಿಗಾಗಿ ಸಂಸ್ಥೆ 1 ಕೋಟಿ 40 ಲಕ್ಷ ಡಾಲರಿನವರೆಗೆ ಕೊಡಲೊಪ್ಪಿತು.

ಇದನ್ನೋದಿ, ‘ಇನ್ನು ನಮ್ಮ ಮಗುವಿನ ವೀಡಿಯೋಗೆ ಈ ಹಾಡಿನ ಯಾವ ಮುದ್ರಿಕೆಯನ್ನಾದರೂ ಹಾಕಬಹುದು’ ಎಂದು ತಾವು ಅಂದುಕೊಳ್ಳಬಹುದು. ಎಡವುವುದು ಇಲ್ಲಿಯೇ. ಬಿಡುಗಡೆಯಾದದ್ದು ಹಾಡು, ಅದನ್ನು ಯಾರೋ ವಾದ್ಯವೃಂದದೊಡನೆ ಹಾಡಿಸಿ ಹೊರತಂದ ಧ್ವನಿಮುದ್ರಿಕೆಯಲ್ಲ. ನಮ್ಮ 1957ರ ಕಾಯಿದೆಯೂ ಈ ಎರಡನ್ನು ಬೇರೆಯಾಗಿಯೇ ಎಣಿಸುತ್ತದೆ. ರಚನೆಯ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ. ಮುದ್ರಿಕೆಯದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಪುರಂದರದಾಸರ ಪದಕ್ಕೆ ಒಡೆಯರಿಲ್ಲ. ಆದರೆ ಅದೇ ಪದ 1990ರಲ್ಲಿ ಕ್ಯಾಸೆಟ್ಟಾಗಿ ಬಂದಿದ್ದರೆ ಆ ಮುದ್ರಿಕೆಯ ಹಕ್ಕು 2050ರ ಕೊನೆಯವರೆಗೆ ಇರುತ್ತದೆ. ಅದಕ್ಕೆ ಹೊಸ ಸ್ವರಸಂಯೋಜನೆ ಮಾಡಿದವರಿದ್ದರೆ ಅವರ ಹಕ್ಕೂ ಬೇರೆ. 1950ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕಾದರೋ 2010ಕ್ಕೇ ಮುಗಿಯಿತು.

‘ಹತ್ತು ಸೆಕೆಂಡು ಬಳಸಿದರೆ ತಪ್ಪಿಲ್ಲ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕಾಯಿದೆಯಲ್ಲಿ ಅಂಥ ಅಳತೆಯೇ ಇಲ್ಲ. ಅದರ 52ನೆಯ ವಿಧಿ ನ್ಯಾಯವಾದ ಬಳಕೆಗೆ ಹೇಳುವುದು ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆ, ವರ್ತಮಾನ ವರದಿ ಮುಂತಾದ ಉದ್ದೇಶಗಳನ್ನು. ಒಂದು ಹಾಡಿನ ಗುಣದೋಷ ಹೇಳಲು ಅದರ ತುಣುಕು ಕೇಳಿಸುವುದು ಒಂದು. ಚಿತ್ರಕ್ಕೆ ಸೊಗಸು ಬರಲೆಂದು ಅದೇ ತುಣುಕನ್ನು ಹಿನ್ನೆಲೆಗೆ ಹಾಕುವುದು ಮತ್ತೊಂದು. ಹಾಡಿದವರ ಹೆಸರು ಬರೆದರೂ ಎರಡನೆಯದಕ್ಕೆ ಅನುಮತಿ ಬೇಕು. ಮದುವೆಯ ಮೆರವಣಿಗೆಯಲ್ಲಿ ಹಾಡು ನುಡಿಸಲು ಅದೇ ವಿಧಿ ರಿಯಾಯಿತಿ ಕೊಟ್ಟಿದೆ, ನಿಜ. ಆದರೆ ಅದು ಆ ಸಮಾರಂಭದಲ್ಲಿ ನುಡಿಸುವುದಕ್ಕೆ. ಅದೇ ಮುದ್ರಿಕೆಯನ್ನು ಮದುವೆಯ ಚಿತ್ರಕ್ಕೆ ಜೋಡಿಸಿ ಊರೆಲ್ಲಕ್ಕೂ ಹಂಚುವುದಕ್ಕಲ್ಲ.

ಹುಟ್ಟುಹಬ್ಬಕ್ಕಾದರೆ ಉಪಾಯ ಸುಲಭ. ಮನೆಯವರು ತಾವೇ ಹಾಡಿ ಮುದ್ರಿಸಿಕೊಳ್ಳಲಿ. ಆ ಮುದ್ರಿಕೆ ಅವರದೇ. ಅಜ್ಜನ ಶ್ರುತಿ ಕೊಂಚ ತಪ್ಪಿದ್ದರೆ ಅದನ್ನು ಪ್ರಶ್ನಿಸಲು ಮಾತ್ರ ಅಜ್ಜಿಗೆ ಹಕ್ಕುಂಟು.