ಟೆಂಡರ್ ಸೋಲಿನ ವಿವರಣೆ ಕೇಳುವುದು

ಟೆಂಡರ್ ಅಥವಾ ದರಪಟ್ಟಿಯ ಪೈಪೋಟಿಯಲ್ಲಿ ಕೆಲಸ ಕೈತಪ್ಪಿದ ಮೇಲೆ ತನ್ನ ಪ್ರಸ್ತಾವ ಎಲ್ಲಿ ಹಿಂದೆ ಬಿತ್ತೆಂದು ಗ್ರಾಹಕನನ್ನೇ ಕೇಳಿ ತಿಳಿಯುವ ಕ್ರಮ. ಆದೇಶ ಬದಲಿಸಲು ಹಾಕುವ ಮೇಲ್ಮನವಿ ಬೇರೆ, ಇದು ಬೇರೆ. ವಿಶ್ವಬ್ಯಾಂಕ್ ನೆರವಿನ ದೊಡ್ಡ ಟೆಂಡರ್‌ಗಳಲ್ಲಿ ಇದಕ್ಕೆ ನಿಯಮವೇ ಉಂಟು: ಫಲಿತಾಂಶದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ಕೇಳಿದವರಿಗೆ 5 ಕೆಲಸದ ದಿನಗಳಲ್ಲಿ ವಿವರಣೆ ಕೊಡಬೇಕು.

ಖಾಸಗಿ ವ್ಯವಹಾರದಲ್ಲಿ ಎಲ್ಲವೂ ಕೇಳುವ ಧಾಟಿಯ ಮೇಲೆ ನಿಂತಿದೆ. ಉದಾಹರಣೆಗೆ, ಕಲಬುರಗಿಯ ಸೂಪರ್ ಮಾರ್ಕೆಟ್‌ನ ಪೀಠೋಪಕರಣದ ಅಂಗಡಿಯೊಂದು ಕಮಲಾಪುರದ ಖಾಸಗಿ ಶಾಲೆಗೆ ಬೆಂಚೊಂದಕ್ಕೆ 4,400 ರೂಪಾಯಿ ದರ ಕೊಟ್ಟು, ಕೆಳಗೆ ‘ಜಿಎಸ್‌ಟಿ, ಸಾಗಣೆ ಪ್ರತ್ಯೇಕ’ ಎಂದು ಬರೆದಿತ್ತು ಎನ್ನೋಣ. ಕೆಲಸ ಬೇರೆಯವರಿಗೆ ಹೋಯಿತು. “ನಮಗ್ಯಾಕ ಕೊಡಲಿಲ್ರಿ?” ಎಂದರೆ “ರೇಟ್ ಜಾಸ್ತಿ ಆತು” ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. “ಸರ, ಆರ್ಡರ್ ನಿಮ್ಮಿಷ್ಟ. ನಮ್ಮ ರೇಟು ಹ್ಯಾಂಗ ಲೆಕ್ಕ ಹಾಕಿದ್ರಿ ಅಷ್ಟು ಹೇಳ್ರಿ” ಎಂದರೆ ನಿಜ ಹೊರಬೀಳುತ್ತದೆ: ಶೇ 18ರ ತೆರಿಗೆ ಸೇರಿ ಆ ಬೆಂಚು 5,192 ರೂಪಾಯಿ, ಸಾಗಣೆ ಅದರ ಮೇಲೆ, ಗೆದ್ದವರದು ಶಾಲೆಗೆ ಮುಟ್ಟಿಸಿ 4,950. ಇಲ್ಲಿ ತಿದ್ದಬೇಕಾದದ್ದು ದರಪಟ್ಟಿಯ ನಮೂನೆಯನ್ನೂ ಹೌದು, ದರವನ್ನೂ ಹೌದು. ಎದುರಾಳಿಯ ದರವನ್ನು ಗ್ರಾಹಕ ತಾನಾಗಿ ಹೇಳಿದರೆ ಸರಿ, ಒತ್ತಾಯಿಸಿ ಕೇಳುವುದು ಸಲ್ಲದು.

ಸರ್ಕಾರಿ ಟೆಂಡರ್‌ನ ದಾರಿ ಬೇರೆ. ಕರ್ನಾಟಕದಲ್ಲಿ ಇದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ನಡೆಯುತ್ತದೆ. ಎರಡು ಲಕೋಟೆಯ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯಲ್ಲೇ ಬಿದ್ದವರ ದರ ತೆರೆಯುವುದೇ ಇಲ್ಲ. ಅಂಥವರು ಮುಂದಿನ ಸಲ ದರ ಇಳಿಸಿದರೆ ನಷ್ಟವೇ ಹೊರತು ಫಲವಿಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಸೋತದ್ದು ಯಾವ ಲಕೋಟೆಯಲ್ಲಿ ಎಂಬುದು.

ಕಚೇರಿ ಬಾಯಿ ಬಿಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ. ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬಹಳ ಅರ್ಜಿಗಳು ಎಡವುವುದು ‘ನನ್ನ ಟೆಂಡರ್ ಏಕೆ ತಿರಸ್ಕರಿಸಿದಿರಿ?’ ಎಂಬ ಪ್ರಶ್ನೆಯಲ್ಲಿ. 2005ರ ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು. ಹೊಸದಾಗಿ ಕಾರಣ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಆದ್ದರಿಂದ ಟೆಂಡರ್ ಸಂಖ್ಯೆ ನಮೂದಿಸಿ, ತಾಂತ್ರಿಕ ಪರಿಶೀಲನೆಯ ನಡವಳಿ ಮತ್ತು ದರಗಳ ತುಲನಾತ್ಮಕ ಪಟ್ಟಿಯ ದೃಢೀಕೃತ ಪ್ರತಿ ಕೇಳಬೇಕು. ಯಾವ ಪ್ರಮಾಣಪತ್ರ ಇರಲಿಲ್ಲ, ಯಾವ ವರ್ಷದ ವಹಿವಾಟು ಕಡಿಮೆಯಾಯಿತು ಎಂಬುದು ಸಾಮಾನ್ಯವಾಗಿ ಆ ನಡವಳಿಯಲ್ಲೇ ಸಿಗುತ್ತದೆ. ಗೆದ್ದವರ ವ್ಯಾಪಾರ ರಹಸ್ಯವೆನಿಸುವ ಭಾಗವನ್ನು ಕಚೇರಿ ತಡೆಹಿಡಿಯಬಹುದು.

ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನ ಇದೆ. ಟೆಂಡರ್ ಆದೇಶದ ವಿರುದ್ಧ 1999ರ ಅಧಿನಿಯಮದ ಕಲಂ 16ರಡಿ ಮೇಲ್ಮನವಿ ಹಾಕಲು ಇರುವ ಅವಧಿಯೂ ಆದೇಶ ಕೈಸೇರಿದಂದಿನಿಂದ 30 ದಿನ. ಮಾಹಿತಿ ಅರ್ಜಿ ಹಾಕಿದ ಮಾತ್ರಕ್ಕೆ ಮೇಲ್ಮನವಿಯ ಅವಧಿ ಮುಂದಕ್ಕೆ ಹೋಗುವುದಿಲ್ಲ.