ತುಂಗೆಯ ದಡದಲ್ಲಿ ಒಂದು ಸಾಹಿತ್ಯ ಯಾತ್ರೆ: ತೀರ್ಥಹಳ್ಳಿಯಿಂದ ಕುಪ್ಪಳಿಯವರೆಗೆ

ಊರಿಗೆ ಹೋಗುವ ರಜೆಯಲ್ಲಿ ಮೂರು ದಿನಗಳನ್ನು ಉಳಿಸಿಕೊಳ್ಳಬಲ್ಲ ಕುಟುಂಬಗಳಿಗೆ ತೀರ್ಥಹಳ್ಳಿ ಸೀಮೆಗಿಂತ ಒಳ್ಳೆಯ ಸಾಹಿತ್ಯ ಯಾತ್ರೆ ಕನ್ನಡದಲ್ಲಿ ದೊರಕುವುದು ಕಷ್ಟ. ಇಲ್ಲಿ ಕಾದಂಬರಿಯ ಊರುಗಳಲ್ಲಿ ಕೆಲವು ಭೂಪಟದಲ್ಲಿಯೂ ಇವೆ. ಆದರೆ ಯಾವ ತಿಂಗಳಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಆರಂಭದಲ್ಲಿ ನಾಯಿಗುತ್ತಿಯು ತೀರ್ಥಹಳ್ಳಿಯ ಕಲ್ಲುಸಾರದ ಮೇಲೆ ತುಂಗೆಯನ್ನು ದಾಟಿ ಬರುತ್ತಾನೆ. ಕಲ್ಲುಸಾರವೆಂದರೆ ನಾವು ತಿಳಿಯುವ ಸೇತುವೆಯಲ್ಲ. ಹೊಳೆಯ ಬಂಡೆಗಳ ನಡುವೆ ಕಲ್ಲುಗಳನ್ನು ಹಾಸಿ ಮಾಡಿದ ಕಾಲುದಾರಿ. ಮಳೆಗಾಲದಲ್ಲಿ ಅದು ನೀರಿನಡಿ ಮುಳುಗಿರುತ್ತದೆ. ಜುಲೈಯಲ್ಲಿ ಹೋದವರು ಕೆಂಪು ನೆರೆಯನ್ನು ಮಾತ್ರ ಕಂಡು ಮರಳುತ್ತಾರೆ. ಹಾಗೆಂದು ಅದು ವ್ಯರ್ಥವೂ ಅಲ್ಲ, ಏಕೆಂದರೆ ಕಾದಂಬರಿಯ ಕೊನೆಯ ಭಾಗಕ್ಕೆ ಬೇಕಾದುದು ಆ ನೆರೆಯೇ. ಆದರೂ ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲವೇ ಸೂಕ್ತ. ಆಗ ಸಾರ ಮೇಲೆದ್ದಿರುತ್ತದೆ, ಇಂಬಳದ ಕಾಟವೂ ಇರುವುದಿಲ್ಲ. ಎಳ್ಳಮಾವಾಸ್ಯೆಯ ದಿನಗಳನ್ನು ಮಾತ್ರ ಬಿಟ್ಟುಬಿಡಿ. ರಾಮೇಶ್ವರ ದೇವರ ಜಾತ್ರೆಯ ಸಂದಣಿಯಲ್ಲಿ ವಸತಿಯೂ ಸಿಗದು, ಮೌನವೂ ಸಿಗದು.

ಮುಂಬಯಿಯಿಂದ ಬರುವವರಿಗೆ ಕೊಂಕಣ ರೈಲಿನಲ್ಲಿ ಉಡುಪಿಗೆ ಬಂದು ಹೆಬ್ರಿಯ ಮೂಲಕ ಆಗುಂಬೆ ಘಾಟಿಯನ್ನು ಏರುವುದು ಸಹಜವಾದ ದಾರಿ. ಘಟ್ಟದ ಕೆಳಗಿನವರು ಮೇಲೇರಿ ಬರುವುದು ಕಾದಂಬರಿಯಲ್ಲಿಯೂ ಮುಖ್ಯ ಸಂಗತಿಯಾದ್ದರಿಂದ ಈ ದಾರಿಗೇ ಒಂದು ಅರ್ಥವಿದೆ. ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ., ಅಲ್ಲಿಂದ ತೀರ್ಥಹಳ್ಳಿಗೆ ಮೂವತ್ತಕ್ಕೆ ತುಸು ಹೆಚ್ಚು. ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಣದ ಮನೆಯನ್ನು ನೋಡಲು ಬಹಳ ಜನ ನಿಲ್ಲುತ್ತಾರೆ. ನೋಡಬಹುದು, ಆದರೆ ಅದು ಶಂಕರನಾಗ್ ಅವರು ಆರಿಸಿದ ಸ್ಥಳವೇ ಹೊರತು ಆರ್.ಕೆ. ನಾರಾಯಣ್ ಅವರ ಕಥೆಗಳು ಹುಟ್ಟಿದ ಸ್ಥಳವಲ್ಲ.

ಮೊದಲ ವಿರಾಮವನ್ನು ಆಗುಂಬೆ ದಾಟಿದ ಮೇಲೆ, ಮೇಗರವಳ್ಳಿಯಲ್ಲಿ ಇಟ್ಟುಕೊಳ್ಳಿ. ಕಾದಂಬರಿಯಲ್ಲಿ ಅಂತಕ್ಕ ಸೆಟ್ಟಿತಿ ದಾರಿಹೋಕರಿಗೆ ಆಶ್ರಯ ಕೊಡುವ ಊರು ಇದೇ. ನಗರದಲ್ಲಿರುವಂಥ ಕಾಫಿಶಾಪನ್ನು ಈ ದಾರಿಯಲ್ಲಿ ಹುಡುಕಬೇಡಿ; ಇಲ್ಲಿರುವುದು ನಾಲ್ಕಾರು ಮೇಜುಗಳ ಹೋಟೆಲು. ಬೆಳಗಿನ ತಿಂಡಿಯ ಗದ್ದಲ ಮುಗಿದು ಊಟದ ಹೊತ್ತು ಇನ್ನೂ ಬಾರದ ಹತ್ತೂವರೆಯಿಂದ ಹನ್ನೆರಡರ ನಡುವೆ ಅಲ್ಲಿ ಕುಳಿತು ಓದಬಹುದು. ಮಧ್ಯಾಹ್ನ ಮೂರೂವರೆಯ ಸುಮಾರಿಗೂ ಹಾಗೆಯೇ. ಇಷ್ಟು ಲೆಕ್ಕ ಹಾಕಿಕೊಂಡರೆ ಕಾಫಿಯೊಂದಿಗೆ ಒಂದು ಅಧ್ಯಾಯ ಮುಗಿಯುತ್ತದೆ.

ಎರಡನೆಯ ದಿನ ಬೆಳಕು ಹರಿಯುವಾಗ ಕಲ್ಲುಸಾರ, ಬಿಸಿಲೇರುವ ಮುನ್ನ ಸಿಬ್ಬಲುಗುಡ್ಡೆ. ಕುವೆಂಪು ಅವರ 'ದೇವರು ರುಜು ಮಾಡಿದನು' ಕವಿತೆ ಹುಟ್ಟಿದ್ದು ಇಲ್ಲಿಯ ಹೊಳೆದಂಡೆಯಲ್ಲಿ. ಕವಿತೆಯನ್ನು ಬರೆದುಕೊಂಡು ಹೋಗಿ ಅಲ್ಲಿಯೇ ಗಟ್ಟಿಯಾಗಿ ಓದಿಸಿರಿ. ಹಕ್ಕಿಗಳು ಸಾಲಾಗಿ ಹಾರುವುದನ್ನು ಕಾಣಬೇಕಾದರೆ ಅವಸರ ಕೂಡದು; ಒಂದು ಗಂಟೆಯನ್ನಾದರೂ ಮೀಸಲಿಡಬೇಕು.

ಕುಪ್ಪಳಿ ತೀರ್ಥಹಳ್ಳಿಯಿಂದ ಕೊಪ್ಪದ ದಾರಿಯಲ್ಲಿ ಸುಮಾರು 18 ಕಿ.ಮೀ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬೆಳಿಗ್ಗೆಯೇ ಹೋಗಿ ಕವಿಮನೆಯನ್ನೂ ಕವಿಶೈಲವನ್ನೂ ಒಂದೇ ಗಂಟೆಯಲ್ಲಿ ಮುಗಿಸಿಬಿಡುವುದು. ಕವಿಶೈಲ ಸಂಜೆಯ ಸ್ಥಳ. ಮೂರು ಗಂಟೆಗೆ ಕವಿಮನೆಗೆ ಬಂದರೆ ಅದನ್ನು ನಿಧಾನವಾಗಿ ನೋಡಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಬೆಟ್ಟ ಏರಬಹುದು. ಮೇಲೆ ಕವಿಯ ಸಮಾಧಿಯಿದೆ. 1936ರಲ್ಲಿ ಬಂಡೆಯ ಮೇಲೆ ಕೊರೆದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹೆಸರುಗಳ ಗುರುತೂ ಇದೆ. ಹಿರಿಯರಿಗೆ ಈ ಕಲ್ಲನ್ನು ತೋರಿಸಲು ಮರೆಯದಿರಿ. ಮೇಲೆ ಕಾಫಿ ಸಿಗುತ್ತದೆಂದು ನಂಬದೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುವುದು ಲೇಸು. ಇಳಿಯುವಾಗ ಕತ್ತಲಾಗುವುದರಿಂದ ಟಾರ್ಚ್ ಇರಲಿ. ಕವಿಮನೆಯ ವೇಳೆಯನ್ನು ಮುಂಚಿತವಾಗಿ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ.

ಮೂರನೆಯ ದಿನ ಮೇಳಿಗೆಗೆ. ಯು.ಆರ್. ಅನಂತಮೂರ್ತಿ ಅವರು 1932ರಲ್ಲಿ ಹುಟ್ಟಿದ ಊರು. 'ಸಂಸ್ಕಾರ'ದ (1965) ಪ್ರಾಣೇಶಾಚಾರ್ಯರು ಪುಟ್ಟನೊಡನೆ ಜಾತ್ರೆಗೆ ಬಂದು, ಸೂತಕದಲ್ಲಿದ್ದೂ ಹೋಟೆಲಿನ ಕಾಫಿ ಕುಡಿಯುವುದು ಇಲ್ಲಿಯೇ. ದೂರ್ವಾಸಪುರದ ಅಗ್ರಹಾರ ಕಲ್ಪಿತವಾದುದರಿಂದ ಅದನ್ನು ಹುಡುಕುವ ಶ್ರಮ ಬೇಡ. ಅನಂತನಾಥ ಬಸದಿಯನ್ನು ನೋಡಿ, ಸಿಕ್ಕ ಹೋಟೆಲಿನಲ್ಲಿ ಒಂದು ಲೋಟ ಕಾಫಿ ತರಿಸಿ, ಆ ಪುಟಗಳನ್ನು ತೆರೆಯಿರಿ. ಅಂದು ಸಂಜೆಯ ಒಳಗೆ ಘಾಟಿ ಇಳಿದರೆ ರಾತ್ರಿಯ ರೈಲು ಸಿಗುತ್ತದೆ.

'ಮದುಮಗಳು' ಏಳುನೂರು ಪುಟಗಳನ್ನು ಮೀರುವ ಗ್ರಂಥ. ಟಿಕೇಟು ಕಾದಿರಿಸಿದ ದಿನವೇ ಓದಲು ಆರಂಭಿಸಿರಿ.