ಕಂಪನಿ ಕ್ಯಾಂಟೀನ್ ಗುತ್ತಿಗೆ: ಒಂದು ಊಟದ ದರದ ಹಿಂದಿನ ಲೆಕ್ಕ

1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮು, 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮಿತಿಯನ್ನು 100ಕ್ಕೆ ಇಳಿಸಿದೆ. ಹೆಚ್ಚಿನ ಕಂಪನಿಗಳು ಅಡುಗೆಯನ್ನು ತಾವೇ ಮಾಡಿಸದೆ ಗುತ್ತಿಗೆದಾರರಿಗೆ ಒಪ್ಪಿಸುತ್ತವೆ. ಗುತ್ತಿಗೆ ಸಿಗುವುದು ದರದಿಂದ. ಉಳಿಯುವುದು ಎಷ್ಟು ಜನ ಊಟಕ್ಕೆ ಬರುತ್ತಾರೆ ಎಂಬುದರಿಂದ.

ದರ ಹೇಳುವ ಮೊದಲು

ಟೆಂಡರಿನಲ್ಲಿ ‘600 ಊಟ’ ಎಂದು ಬರೆದಿದ್ದರೆ ಅದು ಹಾಜರಿ ಪುಸ್ತಕದ ಸಂಖ್ಯೆಯೋ ನಿಜವಾಗಿ ಉಣ್ಣುವವರ ಸಂಖ್ಯೆಯೋ ಎಂದು ಕೇಳಬೇಕು. ಮನೆಯಿಂದ ಡಬ್ಬಿ ತರುವವರೂ ರಜೆ ಹಾಕುವವರೂ ಇದ್ದೇ ಇರುತ್ತಾರೆ. ಕಳೆದ ಕೆಲವು ತಿಂಗಳ ದಿನವಾರು ಕೂಪನ್ ಲೆಕ್ಕ ಕೇಳಿ ಪಡೆಯುವುದು ಉತ್ತಮ. ಗ್ಯಾಸ್, ವಿದ್ಯುತ್, ನೀರು, ಪಾತ್ರೆ ಯಾರ ಖರ್ಚು, ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್‌ನವರ ಊಟ ಯಾರ ಲೆಕ್ಕಕ್ಕೆ ಎಂಬುದೂ ಆಗಲೇ ತೀರ್ಮಾನವಾಗಬೇಕು.

80 ರೂಪಾಯಿಯ ಊಟ

ಒಂದು ಕಲ್ಪಿತ ಲೆಕ್ಕ ನೋಡೋಣ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ದಿನಕ್ಕೆ 600 ಊಟ, ತಿಂಗಳಿಗೆ 26 ದಿನ. ಅಂದರೆ 15,600 ಊಟ. ಜಿಎಸ್‌ಟಿ ಬಿಟ್ಟು ಊಟಕ್ಕೆ 80 ರೂಪಾಯಿ. ದಿನಸಿ, ತರಕಾರಿ, ಹಾಲು, ಮೊಸರಿಗೆ 42 ರೂಪಾಯಿ, ಗ್ಯಾಸಿಗೆ 5 ರೂಪಾಯಿ. ಈ 47 ರೂಪಾಯಿ ಊಟದ ಸಂಖ್ಯೆಯ ಜೊತೆಗೇ ಏರಿಳಿಯುತ್ತದೆ.

ಸಂಬಳದ ಕಥೆ ಬೇರೆ. ಭಟ್ಟರು, ಸಹಾಯಕರು, ಬಡಿಸುವವರು, ಪಾತ್ರೆ ತೊಳೆಯುವವರು ಸೇರಿ 18 ಜನ. ಪಿಎಫ್, ಇಎಸ್ಐ ಸೇರಿ ತಲಾ ಸರಾಸರಿ 21,000 ರೂಪಾಯಿ. ಒಟ್ಟು 3,78,000. ಸಾಗಾಟ, ಸ್ವಚ್ಛತೆ, ಸಮವಸ್ತ್ರಕ್ಕೆ 46,800. ಊಟ 600 ಇದ್ದರೂ 450 ಇದ್ದರೂ ಈ 4,24,800 ರೂಪಾಯಿ ಕೊಡಲೇಬೇಕು.

600 ಊಟವಾದರೆ ಒಂದಕ್ಕೆ ಸುಮಾರು 6 ರೂಪಾಯಿ ಉಳಿಯುತ್ತದೆ. 450ಕ್ಕೆ ಇಳಿದರೆ ಒಂದು ಊಟದ ಖರ್ಚೇ 83 ರೂಪಾಯಿ ದಾಟಿ, ಬಡಿಸಿದ ಪ್ರತಿ ಊಟಕ್ಕೂ 3 ರೂಪಾಯಿ ನಷ್ಟ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲುವುದು ದಿನಕ್ಕೆ ಸುಮಾರು 495ರಲ್ಲಿ. ಹೀಗಾಗಿ ‘ಕನಿಷ್ಠ ಖಾತರಿ’ ಷರತ್ತು ಮುಖ್ಯ: ಎಷ್ಟೇ ಕಡಿಮೆ ಜನ ಬಂದರೂ ಇಷ್ಟು ಊಟದ ಹಣ ಕೊಡುತ್ತೇವೆಂಬ ಒಪ್ಪಂದ. ಇಲ್ಲಿ ಶೇ. 80ರ ಖಾತರಿ ಎಂದರೆ 480 ಊಟ, ಸಾಲದು, ಶೇ. 85 ಎಂದರೆ 510, ಬಚಾವು. ದರದಲ್ಲಿ ಒಂದು ರೂಪಾಯಿ ಬಿಟ್ಟುಕೊಟ್ಟಾದರೂ ಈ ಷರತ್ತನ್ನು ಪಡೆಯುವವನು ಅನುಭವಿ.

ಬಂಡವಾಳವನ್ನೂ ಮರೆಯಬಾರದು. ತಿಂಗಳ ಕೊನೆಗೆ ಬಿಲ್ಲು, ಆಮೇಲೆ 45 ದಿನಕ್ಕೆ ಪಾವತಿ ಎಂದಾದರೆ, ಮೊದಲ ದಿನದ ಊಟದ ಹಣ ಕೈಗೆ ಬರಲು ಎರಡೂವರೆ ತಿಂಗಳು. ಅಲ್ಲಿಯವರೆಗೆ ದಿನಸಿ ಅಂಗಡಿಯವನಿಗೂ ಕೆಲಸದವರಿಗೂ ಗುತ್ತಿಗೆದಾರನೇ ಉತ್ತರ ಹೇಳಬೇಕು.

ಮೆನು ಸರದಿ

ಸಾಮಾನ್ಯವಾಗಿ ನಾಲ್ಕು ವಾರದ ಮೆನು ಬರೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಮೇಲಿನ 42 ರೂಪಾಯಿ ದಿನದ ಖರ್ಚಲ್ಲ, ವಾರದ ಸರಾಸರಿ. ಅನ್ನ-ಸಾರು, ಬಿಸಿಬೇಳೆಬಾತ್, ಮುದ್ದೆ-ಬಸ್ಸಾರಿನ ಐದು ದಿನ ಸರಾಸರಿ 38 ರೂಪಾಯಿ, ಕೋಳಿ ಸಾರಿನ ದಿನ 62 ರೂಪಾಯಿ ಎಂದುಕೊಂಡರೆ ಸರಾಸರಿ 42 ಬರುತ್ತದೆ. ಆದರೆ ಕೋಳಿಯ ದಿನ 700 ಜನ ಬಂದು ಉಳಿದ ದಿನ 560 ಜನ ಮಾತ್ರ ಬಂದರೆ ಸರಾಸರಿ 42.80ಕ್ಕೆ ಏರುತ್ತದೆ. 6 ರೂಪಾಯಿ ಉಳಿತಾಯದಲ್ಲಿ 80 ಪೈಸೆ ಸಣ್ಣದಲ್ಲ.

ಮೆನುವಿನಲ್ಲಿ ‘ಹುರುಳಿಕಾಯಿ ಪಲ್ಯ’ ಎಂದು ಬರೆದು ಸಿಕ್ಕಿಬೀಳುವ ಬದಲು ‘ಆಯಾ ಕಾಲದ ತರಕಾರಿ ಪಲ್ಯ’ ಎಂದು ಬರೆದರೆ ಬೆಲೆ ಏರಿದಾಗ ದಾರಿಯಿರುತ್ತದೆ. ಶ್ರಾವಣದಲ್ಲಿ ಮಾಂಸದೂಟಕ್ಕೆ ಬೇಡಿಕೆ ಇಳಿಯುವುದನ್ನೂ ಮೊದಲೇ ಲೆಕ್ಕ ಹಾಕಬೇಕು. ಮುದ್ದೆಯನ್ನು ಹೆಚ್ಚು ಹೊತ್ತು ಇಡಲಾಗದು, ಗಟ್ಟಿಯಾಗುತ್ತದೆ. ಪಾಳಿಗೆ ತಕ್ಕಂತೆ ತಿರುವುವ ಕೈ ಬೇಕು.

ಉಣ್ಣುವವರ ದೂರು

ಕಾರ್ಖಾನೆ ಕಾಯ್ದೆಯೇ ಕ್ಯಾಂಟೀನ್ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಜಾಗ ಕಲ್ಪಿಸಿತ್ತು. ಆದರೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಅಂಕಗಳಿಂದ ಕಾರಣ ತಿಳಿಯದು. ದೂರಿನ ಪಕ್ಕದಲ್ಲಿ ಊಟ ಮಾಡಿದ ಹೊತ್ತನ್ನೂ ಬರೆಸಬೇಕು. ‘ಸಾಂಬಾರು ನೀರು’ ಎಂಬ ದೂರೆಲ್ಲ ಒಂದೂವರೆಯ ನಂತರವೇ ಬಂದರೆ ತಪ್ಪು ಬೇಳೆಯ ಅಳತೆಯಲ್ಲಿಲ್ಲ; ಸಾಲದೆ ಬಂದಾಗ ಬಿಸಿನೀರು ಬೆರೆಸಿ ಹಿಗ್ಗಿಸಲಾಗಿದೆ. ‘ಅನ್ನ ಆರಿದೆ’ ಎಂಬ ದೂರು ಬಂದರೆ ಬಡಿಸುವ ಪಾತ್ರೆಯ ಬಿಸಿ ಅಳೆಯಬೇಕು. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು.

ಇನ್ನೊಂದು ಸಾಕ್ಷಿ ಕಸದ ಡಬ್ಬಿ. ತಟ್ಟೆಯಲ್ಲಿ ಬಿಟ್ಟಿದ್ದನ್ನೂ ಪಾತ್ರೆಯಲ್ಲಿ ಉಳಿದಿದ್ದನ್ನೂ ಬೇರೆ ಬೇರೆ ತೂಗಬೇಕು. ತಟ್ಟೆಯಲ್ಲಿ ಉಳಿದರೆ ರುಚಿಯ ಅಥವಾ ಬಡಿಸುವ ಪ್ರಮಾಣದ ದೋಷ. ಪಾತ್ರೆಯಲ್ಲಿ ಉಳಿದರೆ ಎಣಿಕೆಯ ದೋಷ. ಬಾಯಿಬಿಟ್ಟು ದೂರು ಹೇಳದವರು ತಟ್ಟೆಯಲ್ಲಿ ಬಿಟ್ಟು ಹೋಗುತ್ತಾರೆ. ಅದನ್ನೂ ಗಮನಿಸದಿದ್ದರೆ ಮರುವಾರ ಡಬ್ಬಿ ಹಿಡಿದು ಬರುತ್ತಾರೆ. 495ರ ಲೆಕ್ಕ ಕುಸಿಯುವುದು ಅಲ್ಲಿಂದಲೇ.